ಚೀಲದ ಭಾರ, ದಾರಿಯ ಏರು

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದೇ ಹೋಗುವವರು ಕಡೂರಿನಿಂದ ಹೊರಟರೆ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಮೇಲೆ ಹೋಗಬೇಕು. ಸುಮಾರು ನೂರೈವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಹೊರಡುವ ಮುಂಚೆ ಎರಡು ವಾರ ಬೆಳಿಗ್ಗೆ ಬರಿಗೈಯಲ್ಲಿ ನಡೆದು "ಅಭ್ಯಾಸ ಆಯ್ತು" ಎಂದುಕೊಂಡವರಿಗೆ ಎರಡನೇ ದಿನವೇ ಹೆಗಲು ಹಿಡಿದುಕೊಳ್ಳುತ್ತದೆ. ಘಾಟಿಯ ಇಳಿಜಾರಿಗೆ ಬರುವಷ್ಟರಲ್ಲಿ ಮಂಡಿ ಮಾತಾಡಲು ಶುರುಮಾಡುತ್ತದೆ. ಅವರು ಅಭ್ಯಾಸ ಮಾಡಿದ್ದು ಸಮತಟ್ಟು ದಾರಿಯಲ್ಲಿ, ಚೀಲವಿಲ್ಲದೆ. ನಡೆಯಬೇಕಾಗಿ ಬಂದದ್ದು ಚೀಲ ಹೊತ್ತು, ಏರು ಹತ್ತಿ, ಇಳಿಜಾರು ಇಳಿದು.

ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವುದನ್ನು ಈಗ ನಗರದ ಜಿಮ್ಮಿನವರು ರಕಿಂಗ್ ಎಂದು ಕರೆದು ದೊಡ್ಡ ವ್ಯಾಯಾಮವನ್ನಾಗಿ ಮಾಡಿದ್ದಾರೆ. ವ್ಯಾಯಾಮವೇನೋ ಹೌದು. ಆದರೆ ಮೊಬೈಲಿನಲ್ಲಿ ಹರಿದಾಡುವ ವಿಡಿಯೊ ನೋಡಿ ಮೊದಲ ದಿನವೇ ಇಪ್ಪತ್ತು ಕೆ.ಜಿ. ತುಂಬಿಕೊಳ್ಳುವವರೂ ಇದ್ದಾರೆ. ಅಮೆರಿಕದಲ್ಲಿ ಕಾಡಿನ ಬೆಂಕಿ ಆರಿಸುವ ಸಿಬ್ಬಂದಿಗೆ ಒಂದು ಪರೀಕ್ಷೆ ಇದೆ: ಸುಮಾರು 20 ಕೆ.ಜಿ. ಹೊತ್ತು 4.8 ಕಿಲೋಮೀಟರನ್ನು 45 ನಿಮಿಷದಲ್ಲಿ ನಡೆದು ಮುಗಿಸಬೇಕು. ಅದು ವಾರಗಟ್ಟಲೆ ತಯಾರಿ ಮಾಡಿಕೊಂಡ ಬೆಂಕಿ ಕಾವಲಿನವರು ಪಾಸಾಗಬೇಕಾದ ಪರೀಕ್ಷೆ. ಅಂಗಡಿಯಲ್ಲೋ ಆಫೀಸಿನಲ್ಲೋ ದಿನವಿಡೀ ಕೂತಿರುವವರು ಶುರುಮಾಡಬೇಕಾದ ಭಾರ ಅದಲ್ಲ.

ಹಾಗಾದರೆ ಎಷ್ಟರಿಂದ ಶುರುಮಾಡಬೇಕು? ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ, ಏಕೆಂದರೆ ಮೂರು ತಾಲ್ಲೂಕಿನಲ್ಲಿ ಮೂರು ಬಗೆಯ ನೆಲ ಇದೆ. ಕಡೂರಿನ ಸುತ್ತ ಬಯಲುಸೀಮೆಯ ಸಮತಟ್ಟು ಡಾಂಬರು ರಸ್ತೆ. ಅಜ್ಜಂಪುರದ ಕಡೆ ಎರೆ ಹೊಲಗಳ ನಡುವಿನ ಗಾಡಿದಾರಿ, ಕಾವಲುಗಳ ಅಂಚಿನ ಮಣ್ಣುದಾರಿ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿದರೆ ಕಲ್ಲತ್ತಿಗಿರಿ, ಅದರ ಮೇಲೆ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯವರೆಗೂ ಏರು. ಭಾರದ ಲೆಕ್ಕ ಹಾಕುವಾಗ ನೆಲದ ಲೆಕ್ಕವನ್ನೂ ಹಾಕದಿದ್ದರೆ ಅದು ಅರ್ಧ ಲೆಕ್ಕ.

ಭಾರಕ್ಕಿಂತ ಏರು ಭಾರ

1977ರಲ್ಲಿ ಅಮೆರಿಕ ಸೇನೆಯ ಸಂಶೋಧಕ ಕೆಂಟ್ ಪ್ಯಾಂಡಾಲ್ಫ್ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟರು. ನಡೆಯುವವನ ತೂಕ, ಚೀಲದ ತೂಕ, ವೇಗ, ಏರಿನ ಪ್ರಮಾಣ, ನೆಲದ ಗುಣ ಇವಿಷ್ಟು ಗೊತ್ತಿದ್ದರೆ ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅದರಿಂದ ಅಂದಾಜು ಮಾಡಬಹುದು. 70 ಕೆ.ಜಿ. ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. ಕಡೂರಿನ ಹೊರಗೆ ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ಅಂದರೆ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಹನ್ನೆರಡು ನಿಮಿಷದಲ್ಲಿ, ಚೀಲವಿಲ್ಲದೆ ನಡೆಯುವಾಗಿನ ಶ್ರಮವನ್ನು ನೂರು ಎಂದಿಟ್ಟುಕೊಳ್ಳಿ.

ಬೆನ್ನಿಗೆ 7 ಕೆ.ಜಿ. ಹಾಕಿದರೆ ಈ ನೂರು ಸುಮಾರು 107 ಆಗುತ್ತದೆ. 14 ಕೆ.ಜಿ. ಹಾಕಿದರೆ 115. ಅದೇ ಮನುಷ್ಯ ಚೀಲ ಕೆಳಗಿಟ್ಟು ವೇಗವನ್ನು ಗಂಟೆಗೆ ಐದೂಮುಕ್ಕಾಲು ಕಿಲೋಮೀಟರಿಗೆ ಏರಿಸಿಕೊಂಡರೆ 120. ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿದರೆ, ಚೀಲವಿಲ್ಲದೆಯೂ 107. ಇನ್ನು ನೂರು ಅಡಿಗೆ ಐದು ಅಡಿ ಏರುವ ದಾರಿಯಲ್ಲಿ ಅದೇ ವೇಗ ಹಿಡಿದರೆ, ಚೀಲವಿಲ್ಲದೆಯೂ ಅದು 155ಕ್ಕೆ ಜಿಗಿಯುತ್ತದೆ. ಅಷ್ಟು ಏರು ನಮ್ಮ ಘಾಟಿ ರಸ್ತೆಗಳಲ್ಲಿ ಹೆಚ್ಚೇನೂ ಅಲ್ಲ, ಕಾರಿನಲ್ಲಿ ಹೋಗುವವರಿಗೆ ಗಮನಕ್ಕೂ ಬರುವುದಿಲ್ಲ. 7 ಕೆ.ಜಿ. ಚೀಲ ಹೊತ್ತು ಆ ಏರು ಹತ್ತಿದರೆ 168.

ಈ ಅಂಕಿಗಳು ಅಂದಾಜು. ಒಬ್ಬೊಬ್ಬರ ಮೈಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗುತ್ತವೆ. ಆದರೂ ಇವು ಹೇಳುವ ಮಾತು ಸ್ಪಷ್ಟವಾಗಿದೆ. ತೂಕ ಇಳಿಸಲೆಂದು ಚೀಲ ಹೊರುವವರು ನಿರೀಕ್ಷೆ ಸ್ವಲ್ಪ ತಗ್ಗಿಸಿಕೊಳ್ಳಬೇಕು: 7 ಕೆ.ಜಿ. ಹೊತ್ತು ಒಂದು ಗಂಟೆ ಸಮತಟ್ಟಿನಲ್ಲಿ ನಡೆದರೆ ಹೆಚ್ಚಾಗಿ ಕರಗುವುದು ಇಪ್ಪತ್ತು ಕ್ಯಾಲೊರಿಯ ಹತ್ತಿರ, ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತಿನಷ್ಟು. ಚೀಲದ ನಿಜವಾದ ಲಾಭ ಬೇರೆ ಕಡೆ ಇದೆ. ಬೆನ್ನು, ಸೊಂಟ, ತೊಡೆಯ ಸ್ನಾಯುಗಳು ನಡಿಗೆಯುದ್ದಕ್ಕೂ ಹೆಚ್ಚು ಕೆಲಸ ಮಾಡುತ್ತವೆ. ವೇಗ ಹೆಚ್ಚಿಸಿ ಓಡಲಾಗದವರಿಗೂ ಉಸಿರಿಗೆ ಸ್ವಲ್ಪ ಕೆಲಸ ಸಿಗುತ್ತದೆ. ಮುಂದೆ ಯಾತ್ರೆಗೋ ಚಾರಣಕ್ಕೋ ಚೀಲ ಹೊರಲೇಬೇಕಾದವರ ಮೈ ಮೊದಲೇ ಅದಕ್ಕೆ ಪಳಗುತ್ತದೆ.

ಎರಡನೇ ಮಾತು ಇನ್ನೂ ಮುಖ್ಯ. ಕಡೂರಿನವರಿಗೆ ಹತ್ತಿರದಲ್ಲಿ ಏರು ಇಲ್ಲ, ಅವರಿಗೆ ಚೀಲದಿಂದ ಉಪಯೋಗ ಇದೆ. ಲಿಂಗದಹಳ್ಳಿಯಿಂದ ಮೇಲಕ್ಕೆ ನಡೆಯುವವರಿಗೆ ದಾರಿಯೇ ಚೀಲದ ಕೆಲಸವನ್ನು ಮಾಡುತ್ತದೆ, ಮೇಲೊಂದು ಭಾರ ಹೇರಿಕೊಳ್ಳುವ ಅಗತ್ಯ ಬಹಳ ದಿನ ಇರುವುದಿಲ್ಲ. ಭಾರ, ಏರು, ವೇಗ, ಹೊತ್ತು ಈ ನಾಲ್ಕರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಏರಿಸಿ. ಎರಡನ್ನು ಒಟ್ಟಿಗೆ ಏರಿಸಿದಾಗ ನೋವು ಬಂದರೆ ಯಾವುದರಿಂದ ಬಂತೆಂದು ಪತ್ತೆಹಚ್ಚಲು ಆಗುವುದಿಲ್ಲ.

ಎಷ್ಟು ಹೊರಬಹುದು

ಹೊಸಬರಿಗೆ ನಾನು ಹೇಳುವ ಮಿತಿ ಇದು. ಮೊದಲ ಎರಡು ಮೂರು ವಾರ ಚೀಲವೇ ಬೇಡ. ನಂತರ ಮೈತೂಕದ ಇಪ್ಪತ್ತರಲ್ಲಿ ಒಂದು ಭಾಗದಿಂದ ಶುರು, ಅಂದರೆ 70 ಕೆ.ಜಿ. ಇರುವವರಿಗೆ ಮೂರು, ಮೂರೂವರೆ ಕೆ.ಜಿ. ಮೂರು ನಾಲ್ಕು ತಿಂಗಳಲ್ಲಿ ಹತ್ತರಲ್ಲಿ ಒಂದು ಭಾಗದವರೆಗೆ, ಅಂದರೆ 7 ಕೆ.ಜಿ.ಯವರೆಗೆ ಹೋಗಬಹುದು. ಮೊದಲ ವರ್ಷ ನೂರಕ್ಕೆ ಹದಿನೈದನ್ನು ದಾಟುವ ಕಾರಣ ಯಾವ ಯಾತ್ರಿಕರಿಗೂ ಇಲ್ಲ. ಕಾಲು ಭಾಗ, ಮೂರನೇ ಒಂದು ಭಾಗ ಎಂಬ ಮಾತೆಲ್ಲ ಸೈನಿಕರಿಗೆ.

ಇಲ್ಲೊಂದು ಎಚ್ಚರಿಕೆ ಬೇಕು. 95 ಕೆ.ಜಿ. ತೂಕದವರು ಹತ್ತರಲ್ಲಿ ಒಂದು ಭಾಗ ಎಂದು ಒಂಬತ್ತೂವರೆ ಕೆ.ಜಿ. ಹೇರಿಕೊಳ್ಳಬಾರದು. ಅವರ ಮಂಡಿ ಈಗಾಗಲೇ ಹೆಚ್ಚಿನ ಭಾರ ಹೊತ್ತೇ ನಡೆಯುತ್ತಿದೆ. ತಮ್ಮ ಎತ್ತರಕ್ಕೆ ಸರಿಯಾದ ತೂಕ ಎಷ್ಟಿರಬೇಕೋ ಅದರ ಮೇಲೆ ಲೆಕ್ಕ ಹಾಕಲಿ. ಮೊದಲ ಮೂರು ತಿಂಗಳು ಬರೀ ನಡಿಗೆ ಸಾಕೆಂದರೆ ಇನ್ನೂ ಒಳ್ಳೆಯದು.

ಮಕ್ಕಳನ್ನು ಈ ವ್ಯಾಯಾಮಕ್ಕೆ ಎಳೆಯಬೇಡಿ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಲ್ಲಿ ಹತ್ತನೇ ತರಗತಿಯವರಿಗೂ ಶಾಲಾ ಚೀಲದ ಗರಿಷ್ಠ ತೂಕ 5 ಕೆ.ಜಿ. ಅವರು ದಿನವೂ ಹೊರುವುದು ಸಾಲದೆ ಭಾನುವಾರವೂ ಹೊರಬೇಕಾಗಿಲ್ಲ. ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವವರು, ತೋಟದಿಂದ ಅಡಕೆ ಗೊನೆ ಸಾಗಿಸುವವರು, ಹುಲ್ಲಿನ ಹೊರೆ ತರುವ ಹೆಂಗಸರು ಇವರಿಗೂ ಚೀಲದ ವ್ಯಾಯಾಮ ಬೇಕಿಲ್ಲ. ಅವರು ಯಾತ್ರೆಗೆ ತಯಾರಾಗುವುದಾದರೆ ದೂರದ ನಡಿಗೆಯ ಅಭ್ಯಾಸ ಮಾಡಿಕೊಂಡರೆ ಸಾಕು.

ಗರ್ಭಿಣಿಯರು, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು, ಹೃದಯದ ತೊಂದರೆಗೆ ಚಿಕಿತ್ಸೆಯಲ್ಲಿರುವವರು, ಹರ್ನಿಯಾ ಇರುವವರು, ಬೆನ್ನಿನಿಂದ ಕಾಲಿಗೆ ಎಳೆಯುವ ನೋವಿರುವವರು, ಮೂಳೆ ಸವೆತ ಎಂದು ವೈದ್ಯರು ಹೇಳಿದವರು ಚೀಲ ಏರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರು ಪಾದದ ಸ್ಪರ್ಶ ಸರಿಯಾಗಿದೆಯೇ ಎಂದು ತೋರಿಸಿಕೊಳ್ಳಲಿ. ಜೋಮು ಹಿಡಿದ ಪಾದದಲ್ಲಿ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ.

ದೀಪಾವಳಿಯಿಂದ ಶಿವರಾತ್ರಿಗೆ

ದೀಪಾವಳಿ ಅಮಾವಾಸ್ಯೆಯಿಂದ ಶಿವರಾತ್ರಿಗೆ ನಾಲ್ಕು ಚಾಂದ್ರಮಾಸ, ಹತ್ತಿರ ಹತ್ತಿರ ಹದಿನೇಳು ವಾರ. ಹೊಸಬರ ತಯಾರಿಗೆ ಹೇಳಿ ಮಾಡಿಸಿದ ಅವಧಿ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಕಡೂರಿನಲ್ಲಿ ಅಂಗಡಿ ಇಟ್ಟುಕೊಂಡ, 45 ವರ್ಷದ, 70 ಕೆ.ಜಿ. ತೂಕದ, ದೊಡ್ಡ ಕಾಯಿಲೆ ಏನೂ ಇಲ್ಲದ ಒಬ್ಬರು ಶಿವರಾತ್ರಿಗೆ ಹೊರಡುತ್ತಾರೆ ಎಂದು ಇಟ್ಟುಕೊಂಡು ವಾರ ವಾರದ ಲೆಕ್ಕ ನೋಡೋಣ.

ಮೊದಲ ಮೂರು ವಾರ ವಾರಕ್ಕೆ ನಾಲ್ಕು ದಿನ, ಬರಿಗೈ ನಡಿಗೆ. ಅರ್ಧ ಗಂಟೆಯಿಂದ ಶುರುಮಾಡಿ ಐವತ್ತು ನಿಮಿಷಕ್ಕೆ ಮುಟ್ಟಿಸುವುದು. ವೇಗ ಹೇಗಿರಬೇಕು ಎಂದರೆ, ಜೊತೆಯವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಮೂರನೇ ವಾರದ ಕೊನೆಗೆ ಎರಡು ದಿನ ಬೆನ್ನುಬೆನ್ನಿಗೆ ಐವತ್ತು ನಿಮಿಷ ನಡೆದು, ಮೂರನೇ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಂಡಿ, ಹಿಮ್ಮಡಿ ನೋಯದಿದ್ದರೆ ಚೀಲಕ್ಕೆ ಕೈ ಹಾಕಬಹುದು. ನೋಯುತ್ತಿದ್ದರೆ ಇನ್ನೊಂದು ವಾರ ಅದೇ.

ನಾಲ್ಕನೇ ವಾರದಿಂದ ವಾರಕ್ಕೆ ಎರಡು ದಿನ ಮಾತ್ರ ಚೀಲ, ಆ ಎರಡರ ನಡುವೆ ಕನಿಷ್ಠ ಒಂದು ದಿನ ಬಿಡುವು. ಉಳಿದ ದಿನ ಬರಿ ನಡಿಗೆ. 3 ಕೆ.ಜಿ. ಹೊತ್ತು ಮೊದಲು ಅರ್ಧ ಗಂಟೆ, ವಾರಕ್ಕೆ ಏಳೆಂಟು ನಿಮಿಷ ಸೇರಿಸುತ್ತ ಏಳನೇ ವಾರಕ್ಕೆ ಐವತ್ತರಿಂದ ಅರವತ್ತು ನಿಮಿಷ. ಎಂಟನೇ ವಾರ ಹಿಂದಕ್ಕೆ ಬರಬೇಕು: ಒಂದೇ ದಿನ ಚೀಲ, ಅರ್ಧ ಗಂಟೆ. ಉಸಿರು ಮತ್ತು ಸ್ನಾಯು ಬೇಗ ಪಳಗುತ್ತವೆ, ಸ್ನಾಯುರಜ್ಜು ಮತ್ತು ಮೂಳೆ ನಿಧಾನ. "ಈಗ ಏನೂ ಆಯಾಸವಾಗುತ್ತಿಲ್ಲ" ಎಂದು ಹುಮ್ಮಸ್ಸು ಬರುವುದು ಈ ಹಂತದಲ್ಲೇ. ಕಾಲಿನ ಮೂಳೆಗೆ ಪೆಟ್ಟು ಬೀಳುವುದೂ ಈ ಹಂತದಲ್ಲೇ.

ಒಂಬತ್ತನೇ ವಾರ ಭಾರ 5 ಕೆ.ಜಿ.ಗೆ ಏರುತ್ತದೆ, ಹೊತ್ತು ನಲವತ್ತು ನಿಮಿಷಕ್ಕೆ ಇಳಿಯುತ್ತದೆ. ಭಾರ ಏರಿದ ವಾರ ಹೊತ್ತು ಇಳಿಯಬೇಕು, ಅದನ್ನು ಮರೆಯಬಾರದು. ಹನ್ನೊಂದನೇ ವಾರಕ್ಕೆ 5 ಕೆ.ಜಿ.ಯಲ್ಲಿ ಒಂದು ಗಂಟೆ. ಹನ್ನೆರಡನೇ ವಾರ ಮತ್ತೆ ಹಗುರ. ಇಷ್ಟು ಹೊತ್ತಿಗೆ ಮಕರ ಸಂಕ್ರಾಂತಿ ಬಂದುಹೋಗಿರುತ್ತದೆ ಅಥವಾ ಹತ್ತಿರದಲ್ಲಿರುತ್ತದೆ.

ಹದಿಮೂರನೇ ವಾರ ಮೊದಲ ಬಾರಿಗೆ ಏರು. ಆ ವಾರ ಚೀಲ ಮನೆಯಲ್ಲೇ ಇರಲಿ. ಕಲ್ಲತ್ತಿಗಿರಿಯ ಕಡೆಯ ರಸ್ತೆಯಲ್ಲಿ ಮುಕ್ಕಾಲು ಗಂಟೆ ಹತ್ತಿ, ಅಷ್ಟೇ ದೂರ ಇಳಿಯಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆ, ಜೊತೆಗೊಬ್ಬರನ್ನು ಇಟ್ಟುಕೊಂಡು, ರಸ್ತೆ ಬಿಟ್ಟು ಕಾಡಿಗೆ ಕಾಲಿಡದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ ದೂರವಿಲ್ಲ, ಆನೆ ಓಡಾಡುವ ಜಾಗ. ಹತ್ತುವಾಗ ಸುಲಭವೆನಿಸಿ ಇಳಿದ ಮರುದಿನ ತೊಡೆಯ ಮುಂಭಾಗ ಹಿಡಿದುಕೊಂಡರೆ ಗಾಬರಿ ಬೇಡ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು, ಆ ಕೆಲಸ ಅದಕ್ಕೆ ಹೊಸದು. ಎರಡು ಮೂರು ದಿನಕ್ಕೆ ಬಿಡುತ್ತದೆ. ಮುಂದಿನ ಸಲ ಅಷ್ಟು ಹಿಡಿಯುವುದಿಲ್ಲ. ಚಾರ್ಮಾಡಿಗೆ ಬೇಕಾದ ತಯಾರಿ ಇದೇ, ಕಡೂರಿನ ಸಮತಟ್ಟಿನಲ್ಲಿ ಎಷ್ಟು ಕೆ.ಜಿ. ಹೊತ್ತರೂ ಇದು ಸಿಗುವುದಿಲ್ಲ.

ಹದಿನಾಲ್ಕನೇ ವಾರ ಸಮತಟ್ಟಿನಲ್ಲಿ 7 ಕೆ.ಜಿ., ಮುಕ್ಕಾಲು ಗಂಟೆ. ಹದಿನೈದರಲ್ಲಿ ಏರು ದಾರಿಗೆ 3 ಕೆ.ಜಿ. ಮತ್ತು ಇನ್ನೊಂದು ದಿನ ಯಾತ್ರೆಗೆ ಒಯ್ಯುವ ಅದೇ ಚೀಲ, ಅದೇ ಚಪ್ಪಲಿ ಅಥವಾ ಶೂ, ಅದೇ ಕಾಲುಚೀಲ ಹಾಕಿಕೊಂಡು ಮೂರು ಗಂಟೆಯ ನಡಿಗೆ. ಹದಿನಾರರಲ್ಲಿ ಎಲ್ಲವೂ ಅರ್ಧಕ್ಕೆ, ಕೊನೆಯ ವಾರ ಚೀಲವೇ ಇಲ್ಲ. ಇದಲ್ಲದೆ ಐದನೇ ವಾರದಿಂದಲೇ ಭಾನುವಾರದ ಬರಿ ನಡಿಗೆಯನ್ನು ಬೇರೆಯಾಗಿ ಬೆಳೆಸುತ್ತ ಹೋಗಬೇಕು: ಒಂದೂವರೆ ಗಂಟೆ, ಎರಡು, ಮೂರು, ನಾಲ್ಕು. ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವ ಪಾದವನ್ನು ಚೀಲವೊಂದೇ ತಯಾರು ಮಾಡುವುದಿಲ್ಲ.

ಯಾತ್ರೆಯ ಚೀಲ ಐದಾರು ಕೆ.ಜಿ. ಮೀರದಿರಲಿ. ತಂಡದ ಜೊತೆ ಸಾಮಾನಿನ ವಾಹನ ಬರುತ್ತಿದ್ದರೆ ಚಾರ್ಮಾಡಿ ಇಳಿಯುವ ದಿನವಾದರೂ ಅದಕ್ಕೆ ಚೀಲ ಹಾಕಿಬಿಡಿ. ಅದರಿಂದ ಹರಕೆಗೇನೂ ಕೊರತೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇಡವೆನ್ನುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ.

ಮಂಡಿಗೆ ಬೀಳುವ ಪಾಲು

ಮೇಲೆ ಹೇಳಿದ ಸೂತ್ರಕ್ಕೆ ಒಂದು ದೊಡ್ಡ ಮಿತಿ ಇದೆ. ಅದು ಇಳಿಜಾರನ್ನು ಸರಿಯಾಗಿ ಅಳೆಯುವುದಿಲ್ಲ. ಇಳಿಯುವಾಗ ಉಸಿರಿಗೆ ಕೆಲಸ ಕಡಿಮೆ, ಆದ್ದರಿಂದ ಆರಾಮವೆನಿಸುತ್ತದೆ. ಮಂಡಿಯ ಪಾಲಿಗೆ ಅದು ಆರಾಮವಲ್ಲ. ಬರ್ಲಿನ್‌ನ ಸಂಶೋಧಕರು ಮಂಡಿ ಬದಲಾಯಿಸಿಕೊಂಡ ಕೆಲವರ ಕೃತಕ ಕೀಲಿನೊಳಗೇ ಒತ್ತಡ ಅಳೆಯುವ ಸಾಧನ ಇಟ್ಟು, 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ತುಸು ಹೆಚ್ಚು, ಇಳಿಯುವಾಗ ಮೂರೂವರೆ ಪಟ್ಟಿನ ಹತ್ತಿರ. ಬೆನ್ನಿನ ಮೇಲೆ ಸೇರಿಸಿದ ಒಂದೊಂದು ಕೆ.ಜಿ. ಕೂಡ ಮಂಡಿಗೆ ಒಂದು ಕೆ.ಜಿ.ಯಾಗಿ ತಲುಪುವುದಿಲ್ಲ, ಹಲವು ಪಟ್ಟಾಗಿ ತಲುಪುತ್ತದೆ. ಅದೂ ಗಂಟೆಗೆ ಸಾವಿರಾರು ಹೆಜ್ಜೆ.

ಹಾಗಾಗಿ ಅಭ್ಯಾಸದ ಭಾರಕ್ಕೆ ನಾನು ಸೂಚಿಸುವುದು ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ತಕ್ಕಡಿ ಬೇಡ. ಹತ್ತುವಾಗ ಹೊತ್ತು, ಮೇಲೆ ಹೋದ ಮೇಲೆ ಕುಡಿಯಲು ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರಾಗಿ ಇಳಿಯಬಹುದು. ದಾರಿಯಲ್ಲಿ ಮಂಡಿ ಕೆಣಕಿದರೂ ಇದೇ ಉಪಾಯ. ಮರಳು ತುಂಬಿದ ಲೀಟರ್ ಬಾಟಲಿ ಒಂದೂವರೆ ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಜಾಗ ಉಳಿಯುತ್ತದೆ ನಿಜ. ಆದರೆ ಅದನ್ನು ದಾರಿಯಲ್ಲಿ ಚೆಲ್ಲಿದರೆ ಮತ್ತೆ ಹೊಸದಾಗಿ ಮರಳು ಹುಡುಕಬೇಕು.

ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ. ಪಾದ ಮೈಯಿಂದ ಬಹಳ ಮುಂದೆ ಬೀಳದೆ ಸೊಂಟದ ಕೆಳಗೇ ಬೀಳಬೇಕು. ಮಂಡಿ ಬಿಗಿಯಾಗಿ ನೆಟ್ಟಗಾಗದೆ ತುಸು ಬಾಗಿರಬೇಕು. ದಪ್ ದಪ್ ಎಂದು ಪಾದದ ಸದ್ದು ಕೇಳುತ್ತಿದ್ದರೆ ಹೆಜ್ಜೆ ದೊಡ್ಡದಾಗಿದೆ ಎಂದೇ ಅರ್ಥ. ಕೈಯಲ್ಲೊಂದು ಬಿದಿರಿನ ಕೋಲಿದ್ದರೆ ಮಂಡಿಯ ಪಾಲನ್ನು ತೋಳು ಸ್ವಲ್ಪ ಹಂಚಿಕೊಳ್ಳುತ್ತದೆ. ಒಂದು ಮಂಡಿ ಮಾತ್ರ ನೋಯುವವರು ಕೋಲನ್ನು ಎದುರಿನ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ಹಿಡಿಯುವುದು ನೋವಿನ ಕಡೆಯಲ್ಲೇ.

ಮನೆಯಲ್ಲಿ ಮಾಡುವ ಒಂದೇ ವ್ಯಾಯಾಮ ಹೇಳು ಎಂದರೆ ಜಗುಲಿಯ ಮೆಟ್ಟಿಲನ್ನು ತೋರಿಸುತ್ತೇನೆ. ಗೇಣಿಗಿಂತ ಎತ್ತರವಿಲ್ಲದ ಮೆಟ್ಟಿಲ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಪಾದದ ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ ನೆಲಕ್ಕೆ ತಾಕಿಸಿ, ಮತ್ತೆ ಮೇಲೇಳಬೇಕು. ಭಾರ ಹಾಕಬಾರದು, ತಾಕಿಸಿದರೆ ಸಾಕು. ಗೋಡೆಗೆ ಬೆರಳು ಆನಿಸಿಕೊಳ್ಳಬಹುದು. ಒಂದೊಂದು ಕಾಲಿಗೆ ಎಂಟು ಸಲದಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ಇಳಿಯುವಾಗ ಮಂಡಿ ಹೆಬ್ಬೆರಳಿನ ಒಳಭಾಗಕ್ಕೆ ವಾಲಿದರೆ ಮೆಟ್ಟಿಲು ಎತ್ತರವಾಯಿತು ಎಂದು ತಿಳಿದು ಕಡಿಮೆ ಎತ್ತರದ ಮಣೆ ಹುಡುಕಿಕೊಳ್ಳಿ. ಇದೇ ಪರೀಕ್ಷೆಯೂ ಹೌದು. ಎಂಟು ಸಲ ನೋವಿಲ್ಲದೆ ಮಾಡಲಾಗದ ಮಂಡಿಗೆ ಚೀಲ ಹೊತ್ತು ಘಾಟಿ ಇಳಿಯುವ ಕೆಲಸ ಕೊಡಬಾರದು.

ನೋವಿನಲ್ಲಿ ಬಗೆಗಳಿವೆ. ಮಂಡಿಚಿಪ್ಪಿನ ಸುತ್ತ, ಮುಂಭಾಗದಲ್ಲಿ, ಇಳಿಯುವಾಗ ಅಥವಾ ಬಸ್ಸಿನಲ್ಲಿ ಬಹಳ ಹೊತ್ತು ಕೂತು ಏಳುವಾಗ ಬರುವ ನೋವು ಹೊಸಬರಲ್ಲಿ ಸಾಮಾನ್ಯ. ಹತ್ತಕ್ಕೆ ಎರಡು ಮೂರರಷ್ಟಿದ್ದು ಮರುದಿನ ಬೆಳಿಗ್ಗೆಗೆ ಹೋಗುತ್ತಿದ್ದರೆ ಭಾರ ಏರಿಸದೆ ಅದೇ ಮಟ್ಟದಲ್ಲಿ ಮುಂದುವರಿಯಬಹುದು. ಬೆಳಿಗ್ಗೆಯೂ ಉಳಿದಿದ್ದರೆ ಚೀಲ ಕೆಳಗಿಡಬೇಕು. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡಂತಾದರೆ, ಕುಸಿದಂತಾದರೆ ವೈದ್ಯರಲ್ಲಿಗೆ.

ಇನ್ನೊಂದು ನೋವಿದೆ, ಅದನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೋ ಪಾದದ ಮೇಲ್ಭಾಗದಲ್ಲೋ ಒಂದೇ ಬೆರಳಿನಿಂದ ತೋರಿಸಬಹುದಾದ ಒಂದು ಬಿಂದುವಿನಲ್ಲಿ ನೋವು, ನಡೆದಷ್ಟೂ ಹೆಚ್ಚುತ್ತದೆ, ಕೊನೆಗೆ ಕೂತಾಗಲೂ ಇರುತ್ತದೆ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುವ ಲಕ್ಷಣ ಅದು. ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ದೂರ ನಡೆದ ಸೈನಿಕರ ಪಾದದಲ್ಲಿ ಇದನ್ನು ಗುರುತಿಸಿ ಬರೆದಿದ್ದ. ಮೊದಮೊದಲ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು. ಹಾಗಾಗಿ "ಎಕ್ಸ್‌ರೇ ಸರಿ ಇದೆ" ಎಂದು ಮತ್ತೆ ಚೀಲ ಏರಿಸಬೇಡಿ. ಇದಕ್ಕೆ ವಾರಗಟ್ಟಲೆ ವಿಶ್ರಾಂತಿ ಬೇಕು, ಎಣ್ಣೆ ತಿಕ್ಕಿದರೆ ಹೋಗುವುದಲ್ಲ.

ಹೆಗಲಿನ ಪಟ್ಟಿ

ಚೀಲ ದುಬಾರಿಯದಾಗಬೇಕಿಲ್ಲ. ಮಗನ ಹಳೆಯ ಕಾಲೇಜು ಬ್ಯಾಗೂ ಆಗುತ್ತದೆ, ಪಟ್ಟಿ ಮಾತ್ರ ಮೂರು ಬೆರಳಿಗಿಂತ ಅಗಲವಾಗಿ, ಒಳಗೆ ಮೆತ್ತೆಯಿಂದ ಕೂಡಿರಬೇಕು. ಎದೆಯ ಮೇಲೆ ಎರಡೂ ಪಟ್ಟಿಗಳನ್ನು ಸೇರಿಸುವ ಚಿಕ್ಕ ಪಟ್ಟಿ ಇದ್ದರೆ ಒಳ್ಳೆಯದು. 7 ಕೆ.ಜಿ. ದಾಟುವವರಿಗೆ ಸೊಂಟದ ಪಟ್ಟಿ ಬೇಕೇಬೇಕು. ಅದು ಹೊಟ್ಟೆಯ ಮೇಲೆ ಬರದೆ ಸೊಂಟದ ಎಲುಬಿನ ಮೇಲೆ ಕೂರಬೇಕು, ಆಗ ಭಾರದ ದೊಡ್ಡ ಪಾಲು ಹೆಗಲು ಬಿಟ್ಟು ಅಲ್ಲಿಗೆ ಇಳಿಯುತ್ತದೆ. ಒಂದೇ ಪಟ್ಟಿಯ ಜೋಳಿಗೆಯಲ್ಲಿ, ಕೈಚೀಲದಲ್ಲಿ ಅಭ್ಯಾಸ ಮಾಡಬೇಡಿ.

ಭಾರವಾದದ್ದು ಬೆನ್ನಿಗೆ ಅಂಟಿಕೊಂಡು, ಹೆಗಲಿನ ಎಲುಬುಗಳ ನಡುವಿನ ಎತ್ತರದಲ್ಲಿ ಇರಬೇಕು. ಬಾಟಲಿಗಳು ಚೀಲದ ತಳದಲ್ಲಿ ಹೊರಳಾಡುತ್ತಿದ್ದರೆ ಚೀಲ ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಕತ್ತು ಹಿಡಿಯುತ್ತದೆ. ತಳಕ್ಕೆ ಮಡಿಚಿದ ಕಂಬಳಿ ಅಥವಾ ದುಪ್ಪಟಿ ತುಂಬಿ ಅದರ ಮೇಲೆ ಭಾರ ಇಟ್ಟರೆ ಈ ತೊಂದರೆ ಬರುವುದಿಲ್ಲ. ಚೀಲದ ತಳ ಸೊಂಟಕ್ಕಿಂತ ಕೆಳಗೆ ಜೋತುಬೀಳದಂತೆ ಪಟ್ಟಿ ಎಳೆದುಕೊಳ್ಳಿ. ಕಾಲೇಜು ಹುಡುಗರ ಹಾಗೆ ತೊಡೆಯವರೆಗೆ ಇಳಿಬಿಡಬೇಡಿ. ಹೆಂಗಸರು ಸೆರಗಿನ ಪಿನ್ನು, ದುಪಟ್ಟಾದ ಗಂಟು ಪಟ್ಟಿಯ ಅಡಿಗೆ ಸಿಗದಂತೆ ನೋಡಿಕೊಳ್ಳಬೇಕು. ಚಿಕ್ಕದೆನಿಸಿದರೂ ಒಂದು ಗಂಟೆಯಲ್ಲಿ ಚರ್ಮ ಕಿತ್ತುಬರಲು ಅಷ್ಟು ಸಾಕು.

ಹೆಗಲ ಮೇಲ್ಭಾಗ ಕೆಂಪಾಗುವುದು, ಬಿಗಿಯುವುದು ಮೊದಲ ವಾರಗಳಲ್ಲಿ ಸಹಜ. ಕೈಗೆ ಜೋಮು ಬರುವುದು, ಬೆರಳಲ್ಲಿ ಇರುವೆ ಹರಿದಂತಾಗುವುದು ಸಹಜವಲ್ಲ. ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಗೊಂಚಲನ್ನು ಪಟ್ಟಿ ಕಾಲರ್ ಮೂಳೆಯ ಬಳಿ ಒತ್ತುತ್ತಿರುತ್ತದೆ. ಕೂಡಲೇ ಚೀಲ ಇಳಿಸಿ ಐದು ನಿಮಿಷ ತೋಳು ಆಡಿಸಿ. ಜೋಮು ಹೋದರೆ ಪಟ್ಟಿ ಸಡಿಲಿಸಿ, ಭಾರ ಅರ್ಧಕ್ಕೆ ಇಳಿಸಿ ಮನೆಗೆ ನಡೆಯಿರಿ. ಹೋಗದಿದ್ದರೆ ಭಾರವನ್ನೆಲ್ಲ ಖಾಲಿ ಮಾಡಿ. ಮರುದಿನವೂ ತೋಳು ಎತ್ತಲು ಬಲ ಸಾಲದಿದ್ದರೆ, ಬೆನ್ನ ಹಿಂದಿನ ಹೆಗಲೆಲುಬು ಒಂದು ಕಡೆ ರೆಕ್ಕೆಯಂತೆ ಉಬ್ಬಿ ಕಂಡರೆ, ಅದು ನರಕ್ಕೆ ಬಿದ್ದ ಪೆಟ್ಟು. ಸೈನಿಕರಲ್ಲಿ ಚೆನ್ನಾಗಿ ಗೊತ್ತಿರುವ ತೊಂದರೆ ಇದು. ಹೆಚ್ಚಿನಂಶ ಗುಣವಾಗುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು.

ದಾರಿ ಆರಿಸುವಾಗ

ಕಡೂರು, ಬೀರೂರು, ತರೀಕೆರೆ ಮೂರನ್ನೂ ಸೇರಿಸುವ ಬೆಂಗಳೂರು–ಶಿವಮೊಗ್ಗ ಹೆದ್ದಾರಿ ಅಭ್ಯಾಸಕ್ಕೆ ತಕ್ಕ ಜಾಗವಲ್ಲ. ಬೆನ್ನಿಗೆ ಭಾರವಿದ್ದಾಗ ಪಕ್ಕಕ್ಕೆ ಹಾರುವುದು ನಿಧಾನವಾಗುತ್ತದೆ. ಹಳ್ಳಿ ರಸ್ತೆಗಳನ್ನು, ಕೆರೆ ಏರಿಗಳನ್ನು ಆರಿಸಿ, ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ತರೀಕೆರೆಯವರಿಗೆ ಅಮೃತಾಪುರದ ಕಡೆಯ ದಾರಿ ಚೀಲದ ದಿನಗಳಿಗೆ ಚೆನ್ನ, ಕಲ್ಲತ್ತಿಗಿರಿಯ ಏರನ್ನು ಬರಿಗೈ ದಿನಗಳಿಗೆ ಇಟ್ಟುಕೊಳ್ಳಿ. ಅಜ್ಜಂಪುರ ಮತ್ತು ಕಡೂರು ಸೀಮೆಯ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ನೋಡಿ ಆಸೆಯಾಗಬಹುದು. ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ನಾವು ಅಂಚಿನ ದಾರಿಯಲ್ಲೇ ಉಳಿಯೋಣ.

ಎರೆ ನೆಲದ ಬಗ್ಗೆ ಒಂದು ಮಾತು. ಒಣಗಿದಾಗ ಗಾಡಿದಾರಿ ಮಂಡಿಗೆ ಡಾಂಬರಿಗಿಂತ ಹಿತ, ಶ್ರಮ ಮಾತ್ರ ತುಸು ಹೆಚ್ಚು. ಒಂದು ಮಳೆ ಬಿದ್ದರೆ ಲೆಕ್ಕವೇ ಬೇರೆ. ಶೂಗೆ ಮಣ್ಣು ಮೆತ್ತಿ ಒಂದೊಂದು ಕಾಲಿಗೆ ಅರ್ಧ ಕೆ.ಜಿ. ಅಂಟಬಹುದು. ಪಾದದ ಮೇಲಿನ ಭಾರ ಬೆನ್ನಿನ ಮೇಲಿನ ಅಷ್ಟೇ ಭಾರಕ್ಕಿಂತ ನಾಲ್ಕರಿಂದ ಆರು ಪಟ್ಟು ದುಬಾರಿ ಎಂದು 1969ರಷ್ಟು ಹಿಂದೆಯೇ ಸೇನೆಯ ಪ್ರಯೋಗಗಳಲ್ಲಿ ತಿಳಿದುಬಂದಿದೆ. ಎರಡು ಶೂಗಳಿಗೂ ಅಂಟಿದ ಒಂದು ಕೆ.ಜಿ. ಕೆಸರು, ಬೆನ್ನ ಮೇಲೆ ಐದು ಕೆ.ಜಿ. ಹೊತ್ತಷ್ಟೇ ಆಯಾಸ ಕೊಡುತ್ತದೆ. ಅಂಥ ದಿನ ಚೀಲ ಖಾಲಿ ಮಾಡಿ, ಇಲ್ಲವೇ ಡಾಂಬರು ಹಿಡಿಯಿರಿ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಅದರ ನಂತರ ಬಯಲುಸೀಮೆಯಲ್ಲಿ ಚೀಲ ಹೊತ್ತು ನಡೆಯಲು ಸಿಗುವುದು ಬೆಳಿಗ್ಗೆ ಎಂಟರವರೆಗಿನ ಹೊತ್ತು ಮಾತ್ರ. ಚೀಲ ಬೆನ್ನನ್ನೆಲ್ಲ ಮುಚ್ಚಿರುವುದರಿಂದ ಅಲ್ಲಿನ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಲೆ ಸುತ್ತಿದರೆ, ವಾಕರಿಕೆ ಬಂದರೆ ನೆರಳಿಗೆ ಸರಿದು ಚೀಲ ಕಳಚಿ. ಭಾರಕ್ಕೆಂದು ಇಟ್ಟ ನೀರನ್ನು ತಲೆಗೂ ಬೆನ್ನಿಗೂ ಸುರಿದುಕೊಂಡು, ಓಆರ್‌ಎಸ್ ಕುಡಿದು ಕೂರಿ. ಬೇಸಿಗೆಯಲ್ಲೋ ಅಡಕೆ ಕೊಯ್ಲಿನ ಗಡಿಬಿಡಿಯಲ್ಲೋ ಎರಡು ವಾರ ಅಭ್ಯಾಸ ತಪ್ಪಿದರೆ ಬಿಟ್ಟ ಭಾರದ ಅರ್ಧದಿಂದ ಮತ್ತೆ ಹಿಡಿಯಿರಿ. ಒಂದೂವರೆ ತಿಂಗಳು ತಪ್ಪಿದ್ದರೆ ಚೀಲ ಬದಿಗಿಟ್ಟು ಎರಡು ವಾರ ಬರಿ ನಡಿಗೆ, ಅದಾದ ಮೇಲೆ ಮೂರು ಕೆ.ಜಿ.